ಹನ್ನೊಂದು ಲಕ್ಷ ಅಂದಿದ್ದ ಫೈಲಿಗೆ ಇಪ್ಪತ್ತಾರು ಲಕ್ಷ ಮಾಡಿಸಿದ್ದು: ನನ್ನ ಅನುಭವ

ಶಿವಮೊಗ್ಗದಲ್ಲಿ ಗೃಹಸಾಲದ ಫೈಲ್ ಮಾಡುವವರಿಗೆಲ್ಲ ಲೆಕ್ಕ ಗೊತ್ತೇ ಇದೆ. ಸಂಬಳದ ಶೇಕಡಾ 50ರಿಂದ 60ರಷ್ಟು ಕಂತಿಗೆ ಬಿಡುತ್ತಾರೆ, ಅದರಲ್ಲಿ ಈಗಿನ ಕಂತುಗಳನ್ನು ಕಳೆಯುತ್ತಾರೆ, ಉಳಿದದ್ದೇ ಹೊಸ ಕಂತು. ಆದರೂ ಎಷ್ಟೋ ಫೈಲುಗಳು ಕಡಿಮೆ ಮೊತ್ತಕ್ಕೆ ನಿಂತುಹೋಗುತ್ತವೆ. ತೀರ್ಥಹಳ್ಳಿಯ ಕಡೆಯ ಒಬ್ಬ ಹೈಸ್ಕೂಲ್ ಮೇಷ್ಟ್ರ ಫೈಲ್ ಹಾಗೇ ಆಗಿತ್ತು. ಇಬ್ಬರು ಏಜೆಂಟರು "ಹನ್ನೊಂದು ಲಕ್ಷದ ಮೇಲೆ ಆಗಲ್ಲ ಸಾರ್" ಎಂದು ಕೈಚೆಲ್ಲಿದ್ದರು. ಅವರಿಗೆ ಬೇಕಿದ್ದದ್ದು 26 ಲಕ್ಷ. ನಾನು ಆಗುತ್ತದೆ ಎಂದಾಗ ನಮ್ಮ ಆಫೀಸಿನಲ್ಲೇ ಯಾರೂ ನಂಬಲಿಲ್ಲ.

ನಾನು ಮೊದಲು ಕೇಳಿದ್ದು ಸಂಬಳದ ಚೀಟಿ. ಕೈಗೆ ಬರುತ್ತಿದ್ದದ್ದು ಸುಮಾರು 52 ಸಾವಿರ. ಆದರೆ ಚೀಟಿಯ ಕಡಿತದ ಕಡೆ ನೋಡಿದರೆ ನೌಕರರ ಸೊಸೈಟಿ ಸಾಲದ ಕಂತು 6 ಸಾವಿರ, ಎಲ್‌ಐಸಿ ಎರಡೂವರೆ ಸಾವಿರ ಅಲ್ಲೇ ಹೋಗಿತ್ತು. ಮುಂಚಿನವರು ಎಡವಿದ್ದು ಇಲ್ಲೇ. ಸೊಸೈಟಿ ಕಂತು ಹೋದ ಮೇಲಿನ 52 ಸಾವಿರವನ್ನು ಆದಾಯ ಎಂದು ಹಿಡಿದು, ಅದೇ ಸೊಸೈಟಿ ಕಂತನ್ನು ಸಾಲದ ಪಟ್ಟಿಯಲ್ಲಿ ಮತ್ತೆ ಕಳೆದಿದ್ದರು. ಒಂದೇ ದುಡ್ಡು ಎರಡು ಸಲ ಹೋಯಿತು. ವೃತ್ತಿ ತೆರಿಗೆ, ಪಿಂಚಣಿ ಕಡಿತದಂಥ ಕಡ್ಡಾಯದವು ಮಾತ್ರ ಹೋಗಲಿ. ಸಾಲದ ಕಂತು ಮತ್ತು ಎಲ್‌ಐಸಿಯನ್ನು ವಾಪಸ್ ಸೇರಿಸಿದರೆ ಆದಾಯ 60,500.

ಅದರ ಶೇಕಡಾ 55 ಅಂದರೆ ಹತ್ತಿರ ಹತ್ತಿರ 33,275. ಇನ್ನು ಕಂತುಗಳು: ಸೊಸೈಟಿ 6,000, ಬೈಕ್ 3,200, ಪರ್ಸನಲ್ ಲೋನ್ 7,600. ಕ್ರೆಡಿಟ್ ಕಾರ್ಡಿನಲ್ಲಿ 40 ಸಾವಿರ ಬಾಕಿ ಇತ್ತು. ಅದಕ್ಕೆ ಶೇಕಡಾ 5 ಹಿಡಿಯುತ್ತಾರೆ, 2,000. ಎಲ್ಲ ಕಳೆದು ಉಳಿದದ್ದು 14,475. ಎಂಟೂವರೆ ಬಡ್ಡಿಗೆ 20 ವರ್ಷಕ್ಕೆ ಲಕ್ಷಕ್ಕೆ 868 ರೂಪಾಯಿ ಕಂತು. ಅಂದರೆ ಹದಿನಾರೂವರೆ ಲಕ್ಷದ ಮೇಲೆ. ಬರೀ ಚೀಟಿ ಸರಿಯಾಗಿ ಓದಿದ್ದಕ್ಕೆ ಐದು ಲಕ್ಷ ಏರಿತು.

ಉಳಿದದ್ದು ಯಾವ ಸಾಲ ಮುಚ್ಚುವುದು ಅನ್ನುವ ಲೆಕ್ಕ. ನಾನು ಪ್ರತಿ ಸಾಲಕ್ಕೂ ಬಾಕಿಯನ್ನು ಕಂತಿನಿಂದ ಭಾಗಿಸುತ್ತೇನೆ. ಭಾಗಲಬ್ಧ ಚಿಕ್ಕದಿದ್ದಷ್ಟೂ ಲಾಭ ಜಾಸ್ತಿ. ಪರ್ಸನಲ್ ಲೋನಿಗೆ ಬಾಕಿ 1 ಲಕ್ಷ 10 ಸಾವಿರ, ಕಂತು 7,600, ಭಾಗಿಸಿದರೆ ಹದಿನಾಲ್ಕರ ಸುಮಾರು. ಸೊಸೈಟಿ ಸಾಲಕ್ಕೆ ಅದು ಐವತ್ತರ ಮೇಲೆ ಬಂತು, ಅದನ್ನು ಮುಟ್ಟಲೇ ಇಲ್ಲ. ಬಿಡುಗಡೆಯಾದ ಸಾವಿರ ರೂಪಾಯಿ ಕಂತು ಹೊಸ ಸಾಲದಲ್ಲಿ 1 ಲಕ್ಷ 15 ಸಾವಿರ ಆಗುತ್ತದೆ. ಅಂದರೆ ಪರ್ಸನಲ್ ಲೋನ್ ಒಂದನ್ನು ಮುಚ್ಚಿದರೆ ಎಂಟೂ ಮುಕ್ಕಾಲು ಲಕ್ಷ! ಕಾರ್ಡಿನ ಬಾಕಿಗೂ ಇದೇ ಮಾತು.

ದುಡ್ಡು? ಒಂದೂವರೆ ಲಕ್ಷ ಬೇಕಿತ್ತು. ಚಿನ್ನ ಅಡ ಇಡುತ್ತೇನೆ ಎಂದರು, ಬೇಡ ಎಂದೆ. ಅದೂ ಸಾಲದ ವರದಿಯಲ್ಲಿ ಕಾಣುತ್ತದೆ, ಕೆಲವರು ಅದರ ಬಡ್ಡಿಯನ್ನೂ ಕಂತಾಗಿ ಹಿಡಿಯುತ್ತಾರೆ. ಅವರ ಅಣ್ಣ ಮಂಡಿಯಲ್ಲಿ ರಾಶಿ ಅಡಿಕೆ ಬಿಟ್ಟ ದುಡ್ಡು ಕೊಟ್ಟರು. ಅವಧಿಗೆ ಮುಂಚೆ ಮುಗಿಸಿದ್ದಕ್ಕೆ ನಾಲ್ಕು ಸಾವಿರದಷ್ಟು ಚಾರ್ಜ್ ಬಿತ್ತು. ಹೋಗಲಿ.

ಆಮೇಲೆ ಕಂತು ಉಳಿದದ್ದು 9,200, ಹೊಸ ಕಂತಿಗೆ ಜಾಗ 24,075. ಎಕ್ಸೆಲ್‌ನಲ್ಲಿ ನೋಡುವುದಾದರೆ ಹೀಗೆ:

```
=PV(8.5%/12, 240, -24075)
```

ಉತ್ತರ 27 ಲಕ್ಷ 74 ಸಾವಿರ. ಬಡ್ಡಿ 9 ಆದರೂ 26 ಲಕ್ಷ 70 ಸಾವಿರ ದಾಟುತ್ತದೆ. ಹಾಗಾಗಿ ಧೈರ್ಯವಾಗಿ 26ಕ್ಕೆ ಹಾಕಿದೆ. ಮನೆಯ ಅಂದಾಜು 35 ಲಕ್ಷ ಇದ್ದದ್ದರಿಂದ ಆ ಕಡೆಯ ಮಿತಿ ಅಡ್ಡ ಬರಲಿಲ್ಲ.

ಆದರೂ ಮೊದಲ ಸಲ ಫೈಲ್ ವಾಪಸ್ ಬಂತು. ಬ್ಯಾಂಕಿನವರು ತೆಗೆದ ವರದಿಯಲ್ಲಿ ಪರ್ಸನಲ್ ಲೋನ್ ಇನ್ನೂ ಚಾಲ್ತಿಯಲ್ಲಿತ್ತು. 2025ರ ಜನವರಿಯಲ್ಲಿ ಬಂದ ನಿಯಮದಂತೆ ಸಾಲ ಕೊಟ್ಟವರು ಆಗ ಹದಿನೈದು ದಿನಕ್ಕೊಮ್ಮೆ ಮಾಹಿತಿ ಕಳಿಸಬೇಕಿತ್ತು. ಅದು ವರದಿಗೆ ಇಳಿಯಲು ಇನ್ನೂ ಕೆಲವು ದಿನ ಬೇಕಾಗುತ್ತದೆ. ಸಾಲ ತೀರಿದ ಪತ್ರ ಮತ್ತು ಕೊನೆಯ ಕಂತು ಕಟ್ಟಿದ ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆಗಿಟ್ಟು ಮತ್ತೆ ಕೊಟ್ಟೆ. ಮಂಜೂರಾಯಿತು, ಪೂರಾ 26. ಯಾವ ಬ್ಯಾಂಕ್ ಯಾವ ಸಂಬಳಕ್ಕೆ ಶೇಕಡಾ 50 ಹಿಡಿಯುತ್ತದೆ, ಯಾವುದು 60 ಅನ್ನುವ ನನ್ನ ಪಟ್ಟಿಯನ್ನು ಮಾತ್ರ ಇಲ್ಲಿ ಹಾಕುವುದಿಲ್ಲ. ಅದಕ್ಕೆ ವರ್ಷಗಟ್ಟಲೆ ಓಡಾಡಿದ್ದೇನೆ.

ಮಧ್ಯೆ ಅವಧಿ ಎಳೆದೂ ನೋಡಿದೆ. ಮೇಷ್ಟ್ರಿಗೆ 38, ನಿವೃತ್ತಿ 60ಕ್ಕೆ. ಹಾಗಾಗಿ ಹೆಚ್ಚೆಂದರೆ 22 ವರ್ಷ. ಎರಡು ವರ್ಷ ಜಾಸ್ತಿ ಮಾಡಿದರೂ ಏರಿದ್ದು ಒಂದು ಲಕ್ಷದಷ್ಟು ಮಾತ್ರ. ಅಷ್ಟಕ್ಕೆ ಎರಡು ವರ್ಷ ಬಡ್ಡಿ ಯಾಕೆ ಅಲ್ವಾ ಎಂದು 20ಕ್ಕೇ ಬಿಟ್ಟೆವು.