ಬ್ಯಾಂಕ್ ವಿಲೀನದ ನಂತರ ಯಾವ ದುಡ್ಡು ತಾನಾಗಿ ಬರುತ್ತದೆ, ಯಾವುದನ್ನು ನಾವೇ ತಿದ್ದಿಸಬೇಕು?

ನಾನು ಬ್ಯಾಂಕಿನ ಕೌಂಟರ್‌ನಲ್ಲಿ ಬಹಳ ವರ್ಷ ಕೂತವಳು. ನಿವೃತ್ತಿಯಾದ ಮೇಲೂ ಊರಿನವರು ಪಾಸ್‌ಬುಕ್ ಹಿಡಿದು ಮನೆಗೆ ಬರುತ್ತಾರೆ. ರೋಬಸ್ಟಾ ಕೊಯ್ಲು ಮುಗಿದ ಒಂದು ಸಂಜೆ ನಾಪೋಕ್ಲು ಕಡೆಯ ಅಕ್ಕ ಒಬ್ಬರು ಬಂದರು. ಮೂರು ಎಕರೆ ತೋಟ, ಯಜಮಾನರು ಇಲ್ಲ.

"ಗೃಹಲಕ್ಷ್ಮಿ ದುಡ್ಡು ಬಂದಿದೆ, ಪಿಎಂ ಕಿಸಾನ್ ಕಂತೂ ಬಂದಿದೆ. ಕಾಫಿ ವ್ಯಾಪಾರಿ ಮಾತ್ರ ಹಾಕಿದ ದುಡ್ಡು ವಾಪಸ್ ಬಂತು ಅಂತಾರೆ. ಖಾತೆ ಸರಿ ಇದೆ ಅಲ್ವಾ?" ಎಂದು ಕೇಳಿದರು.

ಖಾತೆ ಸರಿಯಾಗಿಯೇ ಇತ್ತು. ಅವರ ಬ್ಯಾಂಕ್ ಬೇರೊಂದು ಬ್ಯಾಂಕಿನೊಳಗೆ ಸೇರಿ ವರ್ಷದ ಮೇಲಾಗಿತ್ತು. ಸರ್ಕಾರದ ಹಣ ತಪ್ಪದೆ ಬರುತ್ತಿದ್ದುದರಿಂದ ಎಲ್ಲವೂ ಬದಲಾಗಿದೆ ಎಂದು ಅವರು ನಂಬಿದ್ದರು. ಹೆಚ್ಚಿನವರು ಎಡವುವುದು ಇಲ್ಲೇ.

ಗೃಹಲಕ್ಷ್ಮಿ, ಪಿಎಂ ಕಿಸಾನ್ ಹಣ ಬರುವುದು ಆಧಾರ್ ಸಂಖ್ಯೆಯ ಮೇಲೆ. ಒಂದು ಆಧಾರ್ ಯಾವ ಬ್ಯಾಂಕಿಗೆ ಸೇರಿದೆ ಎಂಬ ಪಟ್ಟಿ ಬ್ಯಾಂಕುಗಳ ನಡುವಿನ ಪಾವತಿ ನಡೆಸುವ ಎನ್‌ಪಿಸಿಐ ಸಂಸ್ಥೆಯ ಬಳಿ ಇರುತ್ತದೆ. ಆ ಪಟ್ಟಿಯಲ್ಲಿ ಬ್ಯಾಂಕಿನ ಗುರುತು ಮಾತ್ರ ಇರುತ್ತದೆ. ಶಾಖೆಯ ಕೋಡ್ ಆಗಲಿ, ಖಾತೆ ಸಂಖ್ಯೆಯಾಗಲಿ ಅಲ್ಲಿಲ್ಲ. ವಿಲೀನದ ವೇಳೆ ಬ್ಯಾಂಕೇ ಆ ಗುರುತನ್ನು ಬದಲಿಸುತ್ತದೆ. ಕಾಫಿ ವ್ಯಾಪಾರಿ ಹಾಕುವುದು ಹಾಗಲ್ಲ. ಅವರ ಕಂಪ್ಯೂಟರಿನಲ್ಲಿ ನಿಮ್ಮ ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ಎಂಬ ಶಾಖೆಯ ಕೋಡ್ ಕೂತಿರುತ್ತದೆ. ಅದನ್ನು ನಿಮ್ಮ ಬ್ಯಾಂಕ್ ಹೋಗಿ ತಿದ್ದುವುದಿಲ್ಲ.

ಇನ್ನೊಂದು ವಿಷಯ, ಬ್ಯಾಂಕಿನ ಹೆಸರು ಬದಲಾದ ದಿನವೇ ಹಳೆಯ ಕೋಡ್ ಸಾಯುವುದಿಲ್ಲ. ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೆ ಸೇರಿದ್ದು 2020ರ ಏಪ್ರಿಲ್ 1ಕ್ಕೆ. ಅದರ ಹಳೆಯ ಐಎಫ್‌ಎಸ್‌ಸಿ ನಿಂತದ್ದು 2021ರ ಜುಲೈ 1ಕ್ಕೆ. ನಡುವೆ 15 ತಿಂಗಳು. ವಿಜಯಾ ಬ್ಯಾಂಕ್ 2019ರ ಏಪ್ರಿಲ್‌ನಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು, ಹಳೆಯ ಕೋಡ್ 2021ರ ಫೆಬ್ರವರಿ ಕೊನೆಯವರೆಗೂ ನಡೆಯಿತು. ಇಷ್ಟು ದಿನ ಎಲ್ಲವೂ ನಡೆದಾಗ ಜನ ಮರೆತೇಬಿಡುತ್ತಾರೆ. ವರ್ಷಕ್ಕೊಮ್ಮೆ ಕಾಫಿ, ಕರಿಮೆಣಸಿನ ದುಡ್ಡು ಬರುವ ನಮ್ಮಂಥ ಊರಿನಲ್ಲಿ ಇದು ಜಾಸ್ತಿ. ವರ್ಷದ ದೊಡ್ಡ ಮೊತ್ತ ಬರುವ ದಿನವೇ ತಪ್ಪು ಗೊತ್ತಾಗುವುದು.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಶಾಖೆಗೆ ಹೋಗಿ ಹೊಸ ಪಾಸ್‌ಬುಕ್ ಹಾಕಿಸಿಕೊಳ್ಳಿ. ಮೊದಲ ಪುಟದಲ್ಲಿ ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಎರಡನ್ನೂ ಹಳೆಯದರ ಪಕ್ಕದಲ್ಲಿಟ್ಟು ನೋಡಿ. ಕೆಲವು ವಿಲೀನಗಳಲ್ಲಿ ಖಾತೆ ಸಂಖ್ಯೆ ಹಾಗೆಯೇ ಉಳಿಯುತ್ತದೆ, ಕೆಲವದರಲ್ಲಿ ಪೂರ್ತಿ ಬದಲಾಗುತ್ತದೆ. ಒಂದೇ ಊರಿನ ಎರಡು ಶಾಖೆಗಳನ್ನು ಸೇರಿಸಿ ಒಂದನ್ನು ಮುಚ್ಚಿದರೆ ಬ್ಯಾಂಕಿನ ಹೆಸರು ಅದೇ ಇದ್ದರೂ ಶಾಖೆಯ ಕೋಡ್ ಬೇರೆಯಾಗಬಹುದು.

ಐಎಫ್‌ಎಸ್‌ಸಿ ಓದುವುದು ಕಷ್ಟವಲ್ಲ. ಒಟ್ಟು 11 ಅಕ್ಷರ. ಮೊದಲ ನಾಲ್ಕು ಬ್ಯಾಂಕಿನದು, ಐದನೆಯದು ಯಾವಾಗಲೂ ಸೊನ್ನೆ, ಕೊನೆಯ ಆರು ಶಾಖೆಯದು. ಸಿಂಡಿಕೇಟ್ ಶಾಖೆಗಳಿಗೆ ಕೆನರಾ ಬ್ಯಾಂಕ್ ಒಂದು ಸುಲಭ ಲೆಕ್ಕ ಇಟ್ಟಿತ್ತು, ಹಳೆಯ ಸಂಖ್ಯೆಗೆ 10000 ಕೂಡಿಸುವುದು. ಅಂದರೆ ಹೀಗೆ:

```
SYNB0003687  →  CNRB0013687
```

ಎಲ್ಲಾ ಬ್ಯಾಂಕಿಗೂ ಈ ಲೆಕ್ಕ ನಡೆಯುವುದಿಲ್ಲ. ಆದ್ದರಿಂದ ಊಹೆ ಮಾಡಿ ಬರೆಯಬೇಡಿ, ಪಾಸ್‌ಬುಕ್ ನೋಡಿಯೇ ಬರೆಯಿರಿ. ಐದನೆಯ ಸೊನ್ನೆಯನ್ನು ಇಂಗ್ಲಿಷಿನ ಓ ಅಕ್ಷರ ಎಂದು ಬರೆದುಕೊಟ್ಟು ಹಣ ಹೋಗದೆ ನಿಂತದ್ದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ವಿಲೀನದ ಸುದ್ದಿ ಬಂದಾಗ "ಖಾತೆ ಅಪ್‌ಡೇಟ್ ಮಾಡಿಕೊಡ್ತೀವಿ, ಒಟಿಪಿ ಹೇಳಿ" ಎಂಬ ಕರೆಗಳೂ ಬರುತ್ತವೆ. ದಯವಿಟ್ಟು ಹೇಳಬೇಡಿ.

ಈಗ ಒಂದು ಹಾಳೆ ತೆಗೆದುಕೊಳ್ಳಿ. ಹಳೆಯ ಪಾಸ್‌ಬುಕ್‌ನ ಒಂದು ಪೂರ್ತಿ ವರ್ಷದ ಸಾಲುಗಳನ್ನು ನೋಡುತ್ತಾ, ಹಣ ಹಾಕಿದವರ ಹೆಸರು, ಹಣ ಕಳೆದವರ ಹೆಸರು ಬರೆಯಿರಿ. ಆರು ತಿಂಗಳು ಸಾಲದು, ವರ್ಷವೇ ಬೇಕು. ವಾರ್ಷಿಕ ವಿಮಾ ಕಂತು, ಕಾಫಿಯ ದುಡ್ಡು, ಠೇವಣಿ ಬಡ್ಡಿ ಆಗಲೇ ಸಿಗುವುದು.

ನಾಪೋಕ್ಲು ಅಕ್ಕನ ಹಾಳೆಯಲ್ಲಿ ಸಿಕ್ಕವು ಇಷ್ಟು: ಗೃಹಲಕ್ಷ್ಮಿ, ಪಿಎಂ ಕಿಸಾನ್, ಕಾಫಿ ವ್ಯಾಪಾರಿ, ಎಲ್‌ಐಸಿ ಕಂತು, ಗೊಬ್ಬರದ ಅಂಗಡಿಗೆ ಕೊಟ್ಟ ಚೆಕ್.

ಮೊದಲ ಎರಡಕ್ಕೆ ಏನೂ ಬರೆದುಕೊಡಬೇಕಿರಲಿಲ್ಲ. ಆದರೂ ಮೈ ಆಧಾರ್ ಜಾಲತಾಣದಲ್ಲಿ `Bank Seeding Status` ತೆರೆದು ನೋಡಿದೆವು. ಹೊಸ ಬ್ಯಾಂಕಿನ ಹೆಸರೇ ಇತ್ತು. ಅಲ್ಲಿ ಬೇರೆ ಬ್ಯಾಂಕಿನ ಹೆಸರು ಕಂಡರೆ ಹಣ ಆ ಖಾತೆಗೆ ಹೋಗುತ್ತಿರುತ್ತದೆ, ಶಾಖೆಗೆ ಹೋಗಿ ಆಧಾರ್ ಜೋಡಣೆಗೆ ಮತ್ತೆ ಬರೆದುಕೊಡಬೇಕು.

ವ್ಯಾಪಾರಿಗೆ ಹೊಸ ಪಾಸ್‌ಬುಕ್‌ನ ಮೊದಲ ಪುಟದ ಫೋಟೊ ಕಳಿಸಿದೆವು. ಹಳೆಯ ನಮೂದನ್ನು ತಿದ್ದುವ ಬದಲು ಅಳಿಸಿ ಹೊಸದಾಗಿ ಸೇರಿಸಲು ಹೇಳಿದೆ. ಈಗ ಎನ್‌ಇಎಫ್‌ಟಿ, ಆರ್‌ಟಿಜಿಎಸ್ ಮಾಡುವಾಗ ಖಾತೆದಾರರ ಹೆಸರು ನೋಡಿಕೊಳ್ಳುವ ಸೌಲಭ್ಯ ಇದೆ. ಅಕ್ಕನ ಹೆಸರು ಕಂಡಿತು. ಮೊದಲು ಹತ್ತು ರೂಪಾಯಿ ಹಾಕಿಸಿ, ಬಂದ ಮೇಲೆ ಉಳಿದದ್ದು ಹಾಕಿಸಿದೆವು. ವಾಪಸ್ ಹೋದ ಮೊದಲ ಮೊತ್ತ ಎಲ್ಲೂ ಕಳೆದಿರಲಿಲ್ಲ. ಎನ್‌ಇಎಫ್‌ಟಿ ಹಣ ಖಾತೆಗೆ ಸೇರದಿದ್ದರೆ ಆ ಬ್ಯಾಚ್ ಮುಗಿದ ಎರಡು ಗಂಟೆಯೊಳಗೆ ಕಳಿಸಿದವರಿಗೇ ಮರಳಿಸಬೇಕು ಎಂಬ ನಿಯಮ ಇದೆ. ಅಷ್ಟರಲ್ಲಿ ಬರದಿದ್ದರೆ ಹಣ ಹಾಕಿದವರು ತಮ್ಮ ಬ್ಯಾಂಕಿನಲ್ಲಿ ಆ ವರ್ಗಾವಣೆಯ ಗುರುತಾದ ಯುಟಿಆರ್ ಸಂಖ್ಯೆ ಹಿಡಿದು ಕೇಳಬೇಕು.

ಎಲ್‌ಐಸಿಯಲ್ಲಿ ಎರಡು ಕೆಲಸ, ಜನ ಒಂದನ್ನೇ ಮಾಡುತ್ತಾರೆ. ಕಂತು ಖಾತೆಯಿಂದ ತಾನಾಗಿ ಕಳೆಯುವ ಮ್ಯಾಂಡೇಟ್ ಒಂದು. ವಿಲೀನದಲ್ಲಿ ಇದನ್ನು ಸಾಮಾನ್ಯವಾಗಿ ಬ್ಯಾಂಕುಗಳೇ ವರ್ಗಾಯಿಸುತ್ತವೆ, ಆದರೂ ಮುಂದಿನ ಕಂತು ಕಳೆದಿದೆಯೇ ಎಂದು ಪಾಸ್‌ಬುಕ್ ನೋಡಿ. ಕಳೆದಿಲ್ಲದಿದ್ದರೆ ಕೈಯಿಂದ ಕಟ್ಟಿ, ಹೊಸ ಮ್ಯಾಂಡೇಟ್ ಕೊಡಿ. ವಾರ್ಷಿಕ ಕಂತಿಗೆ 30 ದಿನ, ತಿಂಗಳ ಕಂತಿಗೆ 15 ದಿನ ಮಾತ್ರ ಹೆಚ್ಚಿನ ಸಮಯ. ಇನ್ನೊಂದು, ಪಾಲಿಸಿ ಮುಗಿದಾಗ ಹಣ ಬರಬೇಕಾದ ಖಾತೆ. ಇದಕ್ಕೆ ಹೊಸ ಚೆಕ್ ಹಾಳೆಯೊಂದನ್ನು ರದ್ದು ಮಾಡಿ, ಅರ್ಜಿಯ ಜೊತೆ ಎಲ್‌ಐಸಿ ಶಾಖೆಗೆ ಕೊಡಬೇಕು.

ಇನ್ನು ಚೆಕ್. ಚೆಕ್ಕಿನ ಕೆಳಗಿನ ಬಿಳಿ ಪಟ್ಟಿಯಲ್ಲಿ ಒಂಬತ್ತು ಅಂಕಿಯ ಎಂಐಸಿಆರ್ ಕೋಡ್ ಇರುತ್ತದೆ. ಮೊದಲ ಮೂರು ಊರಿನದು, ನಂತರದ ಮೂರು ಬ್ಯಾಂಕಿನದು, ಕೊನೆಯ ಮೂರು ಶಾಖೆಯದು. ಹಳೆಯ ಕೋಡ್ ನಿಂತ ಮೇಲೆ ಖಾತೆಯಲ್ಲಿ ದುಡ್ಡಿದ್ದರೂ ಆ ಚೆಕ್ ವಾಪಸ್ ಬರುತ್ತದೆ, ಕೊಟ್ಟವರ ಮಾನ ಹೋಗುತ್ತದೆ. ಆದ್ದರಿಂದ ಮುಂದಿನ ದಿನಾಂಕ ಹಾಕಿ ಯಾರಿಗೆಲ್ಲ ಚೆಕ್ ಕೊಟ್ಟಿದ್ದೀರಿ ಎಂದು ನೆನಪು ಮಾಡಿಕೊಳ್ಳಿ. ಸಾಲ ಕೊಟ್ಟ ಸಂಸ್ಥೆ, ಗೊಬ್ಬರದ ಅಂಗಡಿ, ಬಾಡಿಗೆಯ ಕಟ್ಟಡ. ಹೊಸ ಚೆಕ್ ಕೊಡುವಾಗ ಹಳೆಯದನ್ನು ಕೈಗೆ ವಾಪಸ್ ಪಡೆಯಲೇಬೇಕು.

ಕೊಡಗಿನಲ್ಲಿ ಸೇನೆಯಿಂದ ನಿವೃತ್ತರಾದವರ ಮನೆಗಳು ಬಹಳ. ರಕ್ಷಣಾ ಪಿಂಚಣಿಯ ಜಾಲತಾಣವಾದ ಸ್ಪರ್ಶ್ ಮೂಲಕ ಪಿಂಚಣಿ ಬರುತ್ತಿದ್ದರೆ ಅಲ್ಲಿ ದಾಖಲಾಗಿರುವ ಖಾತೆ ಮತ್ತು ಐಎಫ್‌ಎಸ್‌ಸಿ ನೋಡಿಸಿ. ಲಾಗಿನ್ ಬಾರದವರು ಸ್ಪರ್ಶ್ ಸೇವಾ ಕೇಂದ್ರಕ್ಕೆ ಹೊಸ ಪಾಸ್‌ಬುಕ್ ಒಯ್ಯಬಹುದು. ಆದಾಯ ತೆರಿಗೆ ರಿಫಂಡ್ ಬರಬೇಕಾದವರು ಇಲಾಖೆಯ ಜಾಲತಾಣದಲ್ಲಿ `My Bank Account` ತೆರೆದು `Re-Validate` ಮಾಡಬೇಕು. ಯುಪಿಐ ಆ್ಯಪ್‌ನಲ್ಲಿ ಹಳೆಯ ಖಾತೆ ತೆಗೆದು ಹೊಸದನ್ನು ಜೋಡಿಸಿದರೆ ಸಾಕು.

ಹಳೆಯ ಪಾಸ್‌ಬುಕ್ ಎಸೆಯಬೇಡಿ. ನಮ್ಮ ಜಿಲ್ಲೆಯ ಗ್ರಾಮೀಣ ಬ್ಯಾಂಕನ್ನೇ ನೋಡಿ. ಚಿಕ್ಕಮಗಳೂರು ಕೊಡಗು ಗ್ರಾಮೀಣ ಬ್ಯಾಂಕ್ 2012ರಲ್ಲಿ ಕಾವೇರಿ ಗ್ರಾಮೀಣ ಬ್ಯಾಂಕ್ ಆಯಿತು, 2019ರಲ್ಲಿ ಮತ್ತೊಂದು ವಿಲೀನ, 2025ರ ಮೇ 1ಕ್ಕೆ ಈಗಿನ ಕರ್ನಾಟಕ ಗ್ರಾಮೀಣ ಬ್ಯಾಂಕ್. ಹಳೆಯ ಠೇವಣಿ ಪತ್ರ, ತೀರಿದ ಸಾಲದ ರಸೀದಿ ಹುಡುಕುವ ದಿನ ಬಂದರೆ ಆಗಿನ ಹೆಸರು, ಆಗಿನ ಖಾತೆ ಸಂಖ್ಯೆ ಹೇಳಲೇಬೇಕಾಗುತ್ತದೆ. ಹಳೆಯ ಪಾಸ್‌ಬುಕ್‌ನ ಮೇಲೆ ಹೊಸ ಖಾತೆ ಸಂಖ್ಯೆ ಬರೆದು, ಎರಡನ್ನೂ ಒಂದೇ ರಬ್ಬರ್ ಬ್ಯಾಂಡ್ ಹಾಕಿ ಬೀರುವಿನಲ್ಲಿಡಿ. ನಾಪೋಕ್ಲು ಅಕ್ಕನೂ ಹಾಗೆಯೇ ಮಾಡಿದರು.