ತಪ್ಪು ಟೋನರನ್ನು ಅಂಗಡಿಯವರೇ ಬದಲಿಸಿಕೊಟ್ಟರು: ನನ್ನ ಅನುಭವ

"ಬಿಲ್ ಆದಮೇಲೆ ಟೋನರ್ ವಾಪಸ್ ತಗೊಳ್ಳೋ ಅಂಗಡಿ ಎಲ್ಲಿದೆ ಸಾರ್?" ಎಂದು ನಕ್ಕವರೇ ಜಾಸ್ತಿ. ಈಗ ಸರಿಯಾದ ಟೋನರ್ ಪ್ರಿಂಟರ್ ಒಳಗೆ ಕೂತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಎಚ್‌ಪಿ P1108. ಅದಕ್ಕೆ ಬೇಕಾದದ್ದು 88A. ಅಂಗಡಿಯವರು ಕಳಿಸಿದ್ದು 12A. ಅದು 1020, M1005 ಪ್ರಿಂಟರುಗಳದ್ದು. ಪ್ರಿಂಟರಿಗೆ ಕೊಟ್ಟ ದುಡ್ಡಿನ ಅರ್ಧದ ಹತ್ತಿರ ಆ ಒಂದು ಡಬ್ಬಿಗೇ ಹೋಗಿತ್ತು.

ಮೊದಲು ಫೋನ್ ಮಾಡಿದೆ. ಪ್ರತಿ ಸಲವೂ "ಓನರ್ ಇಲ್ಲ". ಆಮೇಲೆ ಉದ್ದದ ಮೆಸೇಜ್ ಹಾಕಿದೆ, ತಪ್ಪು ಯಾರದ್ದು ಎಂದು ವಿವರವಾಗಿ. ವಾದ ಬೆಳೆಯಿತೇ ಹೊರತು ಟೋನರ್ ಬರಲಿಲ್ಲ. ಅಂಗಡಿಯವರಿಗೆ ತಪ್ಪು ಯಾರದ್ದು ಅನ್ನೋದು ಮುಖ್ಯವಲ್ಲ. ವಾಪಸ್ ಬಂದ ಡಬ್ಬಿ ಮತ್ತೆ ಮಾರಾಟ ಆಗುತ್ತಾ, ಅವರ ತಲೆಬಿಸಿ ಅಷ್ಟೇ. ಹಾಗಾಗಿ ಪತ್ರವನ್ನು ಅಷ್ಟಕ್ಕೇ ಬರೆದೆ:

"ಮಾನ್ಯರೆ,
ವಿಷಯ: 12A ಟೋನರ್ ಬದಲಿಗೆ 88A ಕೊಡುವ ಬಗ್ಗೆ.
ಲಗತ್ತಿಸಿದ ಬಿಲ್ಲಿನಲ್ಲಿ ಕೊಂಡ 12A ಟೋನರ್, ಪಾರ್ಟ್ ನಂಬರ್ Q2612A, ನಮ್ಮ P1108 ಪ್ರಿಂಟರಿಗೆ ಕೂರುವುದಿಲ್ಲ. ಬೇಕಿರುವುದು 88A, ಪಾರ್ಟ್ ನಂಬರ್ CC388A. ಡಬ್ಬಿಯ ಸೀಲ್ ಒಡೆದಿಲ್ಲ. ಬಿಲ್ಲಿನ ಪ್ರತಿ, ಡಬ್ಬಿಯ ಮತ್ತು ಪ್ರಿಂಟರ್ ಲೇಬಲ್ಲಿನ ಫೋಟೊ ಲಗತ್ತಿಸಿದ್ದೇನೆ. ಹಣ ವಾಪಸ್ ಕೇಳುತ್ತಿಲ್ಲ. ಬೆಲೆಯಲ್ಲಿ ವ್ಯತ್ಯಾಸವಿದ್ದರೆ ಕೊಡುತ್ತೇವೆ. ದಯವಿಟ್ಟು ಬದಲಿಸಿಕೊಡಿ."

ಕೆಲಸ ಮಾಡಿದ್ದು "ಹಣ ವಾಪಸ್ ಕೇಳುತ್ತಿಲ್ಲ" ಅನ್ನೋ ಸಾಲು. ಗಲ್ಲಾದಿಂದ ದುಡ್ಡು ಹೊರಗೆ ಹೋಗಲ್ಲ ಎಂದ ಮೇಲೆ ಓನರ್ ಕುರ್ಚಿ ಎಳೆದು ಕೂರಿಸಿದರು. ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು, ಸೀಲಿನ ಅಂಚನ್ನು ಉಗುರಿನಿಂದ ಸವರಿದರು, ಒಳಗೆ ಹೋಗಿ 88A ತಂದರು. ವ್ಯತ್ಯಾಸ ಒಂದು ಊಟದ ದುಡ್ಡಿನಷ್ಟೂ ಇರಲಿಲ್ಲ. ಪತ್ರದ ಎರಡನೇ ಪ್ರತಿಗೆ ಅಂಗಡಿಯ ಸೀಲು ಹಾಕಿಸಿಕೊಂಡೆ, ಬಿಲ್ಲಿನಲ್ಲೂ ತಿದ್ದಿಸಿದೆ. ಇಲ್ಲದಿದ್ದರೆ ಮುಂದೆ ವಾರಂಟಿ ಕೇಳುವಾಗ ಬಿಲ್ಲಿನಲ್ಲಿ 12A ಅಂತಲೇ ಇರುತ್ತದೆ, ಅಲ್ವಾ? ಯಾವ ಹೊತ್ತಿಗೆ ಪತ್ರ ಕೊಟ್ಟೆ ಅನ್ನೋದು ಮಾತ್ರ ಹೇಳಲ್ಲ. ಅಂಗಡಿಯವರೂ ಇದನ್ನು ಓದುತ್ತಾರೆ.

ಹುಮ್ಮಸ್ಸಿನಲ್ಲಿ ಇದೇ ಪತ್ರವನ್ನು ಇಂಕ್ ಕಾರ್ಟ್ರಿಡ್ಜಿಗೂ ಪ್ರಯೋಗಿಸಿದೆ. ಗೆಳೆಯರೊಬ್ಬರ ಪ್ರಿಂಟರ್ ಡೆಸ್ಕ್‌ಜೆಟ್ 1115, ಅದಕ್ಕೆ 680 ಬೇಕು. ಬಂದದ್ದು 803, ಅದು 1112ರದ್ದು. ನೋಡೋಕೆ ಎರಡೂ ಒಂದೇ ಥರ. ಹಾಗಾಗಿ ಅವರು ಟೇಪ್ ಕಿತ್ತು ಒಳಗೆ ಹಾಕಿದ್ದರು. ಪ್ರಿಂಟರ್ ಒಪ್ಪದಿದ್ದಾಗಲೇ ಗೊತ್ತಾದದ್ದು. ಅಂಗಡಿಯವರು ಪತ್ರ ಪೂರ್ತಿ ಓದಿ, ಕಾರ್ಟ್ರಿಡ್ಜಿನ ತಳ ತೋರಿಸಿ, "ಟೇಪ್ ಎಲ್ಲಿ?" ಎಂದರು. ನಾಜಲ್ ಮೇಲಿನ ಟೇಪ್ ತೆಗೆದರೆ ಶಾಯಿ ಒಣಗೋಕೆ ಶುರು. ಅದನ್ನು ಹೊಸದೆಂದು ಅವರು ಯಾರಿಗೂ ಮಾರುವ ಹಾಗಿಲ್ಲ. ಅಲ್ಲಿ ಯಾವ ಪತ್ರವೂ ನಡೆಯಲ್ಲ. ಕೊನೆಗೆ 1112 ಇಟ್ಟುಕೊಂಡಿದ್ದ ಪರಿಚಯದವರಿಗೆ ಸುಮಾರು ಮುಕ್ಕಾಲು ಬೆಲೆಗೆ ದಾಟಿಸಿದೆವು.