ಹೋದ ಹಣ ಹುಡುಕಲು ಯಾವ ನಂಬರ್ ಹಿಡಿಯಬೇಕು: ನನ್ನ ಅನುಭವ

ಸ್ಕ್ರೀನ್‌ಶಾಟ್ ಕಳಿಸಿದರೆ ಸಾಕು, ಬ್ಯಾಂಕಿನವರೇ ಹುಡುಕುತ್ತಾರೆ ಎಂಬುದು ನಮ್ಮ ಅಂಗಡಿ ಯಜಮಾನರ ಮಾತಾಗಿತ್ತು. ಪಾವತಿಯ ಸರಿಯಾದ 12 ಅಂಕಿಯ ನಂಬರ್ ಇಲ್ಲದೆ ಯಾರೂ ಹುಡುಕಲಾರರು ಎಂದು ನಾನು ಹೇಳುತ್ತಲೇ ಇದ್ದೆ. ಕೊನೆಗೆ 4,800 ರೂಪಾಯಿಯ ಒಂದು ಯುಪಿಐ ಪಾವತಿಯಲ್ಲಿ ನನ್ನ ಮಾತೇ ನಿಂತಿತು.

ಗ್ರಾಹಕರ ಖಾತೆಯಿಂದ ಹಣ ಹೋಗಿತ್ತು, ನಮ್ಮ ಸೌಂಡ್‌ಬಾಕ್ಸ್ ಕೂಗಿರಲಿಲ್ಲ. ಮೊದಲು ಆ್ಯಪ್‌ನಲ್ಲಿ ಕಂಡ, T ಅಕ್ಷರದಿಂದ ಶುರುವಾಗುವ ನಂಬರ್ ಕೊಟ್ಟೆವು. ಅದು ಆ್ಯಪ್ ಕಂಪನಿಯ ಸ್ವಂತ ಲೆಕ್ಕದ್ದು, ಬ್ಯಾಂಕಿನಲ್ಲಿ ಸಿಗಲಿಲ್ಲ. ಆಮೇಲೆ ನಮ್ಮ ಬಿಲ್ ನಂಬರ್ ಕೊಟ್ಟೆವು. ಅದನ್ನು ಬಲ್ಲವರು ನಾವು ಮಾತ್ರ. ಹೀಗೆ ಹತ್ತು ದಿನ ಕಳೆದವು.

ಬೇಕಾಗಿದ್ದದ್ದು ಯುಟಿಆರ್, ಅಂದರೆ ಆ ಒಂದು ಪಾವತಿಯನ್ನು ಗುರುತಿಸುವ 12 ಅಂಕಿಯ ನಂಬರ್. ಬ್ಯಾಂಕಿನವರು ಅದನ್ನೇ ಆರ್‌ಆರ್‌ಎನ್ ಎನ್ನುತ್ತಾರೆ. ಕೊಟ್ಟವರ ಬ್ಯಾಂಕ್, ಯುಪಿಐ ನಡೆಸುವ ಎನ್‌ಪಿಸಿಐ, ಪಡೆದವರ ಬ್ಯಾಂಕ್, ಮೂರೂ ಕಡೆ ಇದೊಂದೇ ಓಡಾಡುತ್ತದೆ. ಸಾಮಾನ್ಯವಾಗಿ ಇದರ ಮೊದಲ ಅಂಕಿ ವರ್ಷದ ಕೊನೆಯ ಅಂಕಿ, ಮುಂದಿನ ಮೂರು ಆ ವರ್ಷದ ಎಷ್ಟನೇ ದಿನ ಎಂಬುದು. ಗ್ರಾಹಕರು ಕಳಿಸಿದ್ದು 5068ರಿಂದ ಶುರುವಾಗಿತ್ತು, ಅಂದರೆ 2025ರ ಮಾರ್ಚ್ 9. ನಮ್ಮ ಬಿಲ್ ಮಾರ್ಚ್ 15ರದು. ಬೇರೆ ಪಾವತಿಯ ನಂಬರ್ ಎಂದು ಅಲ್ಲೇ ತಿಳಿಯಿತು. ಮತ್ತೆ ಕೇಳಿದಾಗ 5074ರಿಂದ ಶುರುವಾಗುವುದು ಬಂತು.

ಆ ನಂಬರ್ ಕೊಟ್ಟ ಮೇಲೆ ಬ್ಯಾಂಕಿನಲ್ಲಿ ಐದು ನಿಮಿಷದ ಕೆಲಸ. ಹಣ ಜಮಾ ಆಗಿತ್ತು, ಆದರೆ ಬೇರೆ ಎಂಐಡಿಗೆ, ಅಂದರೆ ಬೇರೆ ವ್ಯಾಪಾರಿ ನಂಬರಿಗೆ. ಮುಚ್ಚಿದ ಕೌಂಟರಿನ ಹಳೆಯ ಕ್ಯೂಆರ್ ಇನ್ನೂ ಗೋಡೆಯ ಮೇಲಿತ್ತು, ಅದಕ್ಕೆ ಜೋಡಿಸಿದ್ದದ್ದು ಇನ್ನೊಂದು ಕರೆಂಟ್ ಅಕೌಂಟ್. ಪಾಸ್‌ಬುಕ್‌ನಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ, ಏಕೆಂದರೆ ದಿನದ ಹಣವೆಲ್ಲ ಒಟ್ಟಾಗಿ ಒಂದೇ ಸಾಲಿನಲ್ಲಿ ಬೀಳುತ್ತದೆ. ಬಿಡಿಬಿಡಿ ಆರ್‌ಆರ್‌ಎನ್ ಇರುವುದು ಪ್ರತಿ ಪಾವತಿಯನ್ನೂ ಬೇರೆ ಬೇರೆ ತೋರಿಸುವ ಸೆಟಲ್‌ಮೆಂಟ್ ರಿಪೋರ್ಟಿನಲ್ಲಿ. ಎಂಐಡಿ ಯಾವ ವ್ಯಾಪಾರಿ ಎಂದು ಹೇಳುತ್ತದೆ, ಟಿಐಡಿ ಯಾವ ಮೆಷಿನ್ ಎಂದು. ಯಾವ ಪಾವತಿ ಎಂದು ಎರಡೂ ಹೇಳವು.

ಕಾರ್ಡ್ ರೀಫಂಡಿನ ದಾರಿ ಬೇರೆ. ಮಾರಾಟದ ಚೀಟಿಯಲ್ಲಿರುವ ಆರ್‌ಆರ್‌ಎನ್ ಕೊಟ್ಟರೆ ಗ್ರಾಹಕರ ಬ್ಯಾಂಕಿಗೆ ಹಳೆಯ ಖರೀದಿ ಮಾತ್ರ ಕಾಣುತ್ತದೆ. ರೀಫಂಡಿಗೆ ಎಆರ್‌ಎನ್ ಎಂಬ 23 ಅಂಕಿಯ ಬೇರೆಯೇ ನಂಬರ್ ಬೇಕು. ನಮ್ಮ ಬ್ಯಾಂಕ್ ರೀಫಂಡನ್ನು ಕಾರ್ಡ್ ನೆಟ್‌ವರ್ಕಿಗೆ ಕಳಿಸಿದ ಮೇಲೆಯೇ ಅದು ಹುಟ್ಟುತ್ತದೆ, ನಮಗೆ ಒಂದೆರಡು ದಿನ ಹಿಡಿಯುತ್ತಿತ್ತು. ಅದಕ್ಕೂ ಮೊದಲು ಗ್ರಾಹಕರನ್ನು ಅವರ ಬ್ಯಾಂಕಿಗೆ ಅಟ್ಟಿದರೆ ಬರಿಗೈಲಿ ವಾಪಸ್ ಬರುತ್ತಾರೆ.

ಈ ಎಆರ್‌ಎನ್‌ಗಳನ್ನು ಎಕ್ಸೆಲ್‌ಗೆ ನೇರ ಅಂಟಿಸಿ ನೋಡಿದೆ. 15 ಅಂಕಿ ಉಳಿದು ಮುಂದಿನದೆಲ್ಲ ಸೊನ್ನೆಯಾಯಿತು. ಮೂರು ರೀಫಂಡ್, ಸುಮಾರು 11,000 ರೂಪಾಯಿ, ಆ ತಪ್ಪು ನಂಬರಿನಿಂದ ತಿಂಗಳು ಅಲೆದವು. ಈಗ ಮೊದಲು ಕಾಲಂ ಅನ್ನು ಟೆಕ್ಸ್ಟ್ ಮಾಡಿ, ಆಮೇಲೆ ಅಂಟಿಸುತ್ತೇನೆ.